ಮಗುವಿನ ಪೆನ್ನು ಕಾಣುವ ಪಾಠ

ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳಿಗೆ 2x² − 5x + 3 = 0 ಎಂಬ ಲೆಕ್ಕ ಕೊಟ್ಟಿದ್ದೀರಿ ಎನ್ನೋಣ. ವರ್ಗ ಸಮೀಕರಣದ ಪಾಠ. ಮಧ್ಯದ ಪದವನ್ನು ಒಡೆದು ಅಪವರ್ತಿಸಬೇಕು. ಅವಳು 2x² − 2x − 3x + 3 ಎಂದು ಸರಿಯಾಗಿಯೇ ಒಡೆಯುತ್ತಾಳೆ. ಮುಂದಿನ ಸಾಲಿನಲ್ಲಿ 2x(x − 1) − 3(x + 1) ಎಂದು ಬರೆದು ಪೆನ್ಸಿಲ್ ನಿಲ್ಲಿಸುತ್ತಾಳೆ. ಎರಡೂ ಆವರಣ ಒಂದೇ ಥರ ಇರಬೇಕು ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ, ಇಲ್ಲಿ ಹಾಗಿಲ್ಲ. ರಬ್ಬರ್ ತೆಗೆದುಕೊಂಡು ಆ ಪ್ಲಸ್ಸನ್ನು ಅಳಿಸಿ ಮೈನಸ್ ಮಾಡುತ್ತಾಳೆ. ಅಲ್ಲಿಂದಾಚೆಗೆ ಎಲ್ಲ ಸಲೀಸು. ಉತ್ತರ x = 1 ಮತ್ತು x = 3/2. ಎರಡೂ ಸರಿ.

ಈ ಪುಟವನ್ನು ಅವಳು ಫೋಟೊ ತೆಗೆದು ವಾಟ್ಸ್‌ಆ್ಯಪಿನಲ್ಲಿ ಕಳಿಸಿದರೆ ಯಾವ ಮೇಷ್ಟ್ರಾದರೂ ರೈಟ್ ಹಾಕುತ್ತಾರೆ. ಆದರೆ +3 ರಿಂದ −3 ಅನ್ನು ಹೊರಗೆ ತೆಗೆದಾಗ ಒಳಗೆ −1 ಏಕೆ ಉಳಿಯುತ್ತದೆ ಎನ್ನುವುದು ಅವಳಿಗೆ ಗೊತ್ತಿಲ್ಲ. ಆವರಣಗಳನ್ನು ಹೊಂದಿಸುವುದಷ್ಟೇ ಗೊತ್ತು. ನಾಳೆ ಪದ ಒಡೆಯುವಲ್ಲೇ ತಪ್ಪಾಗಿ ಆವರಣಗಳು ಹೊಂದದೇ ಹೋದಾಗಲೂ ಅವಳು ಹೀಗೆಯೇ ಅಳಿಸಿ ಹೊಂದಿಸುತ್ತಾಳೆ. ಎಲ್ಲಿ ಎಡವಿದೆ ಎಂದು ಅವಳಿಗೂ ತಿಳಿಯುವುದಿಲ್ಲ, ಉತ್ತರಪತ್ರಿಕೆ ತಿದ್ದುವವರಿಗೂ ತಿಳಿಯುವುದಿಲ್ಲ. ಆ ಹುಡುಗಿಯ ನಿಜವಾದ ತೊಂದರೆ ಕಂಡದ್ದು ರಬ್ಬರ್ ಕೈಗೆ ಬಂದ ಆ ಎರಡು ಸೆಕೆಂಡಿನಲ್ಲಿ ಮಾತ್ರ.

ಮನೆಪಾಠದಲ್ಲಿ ಚಾಪೆಯ ಮೇಲೆ ಪಕ್ಕದಲ್ಲಿ ಕೂತಾಗ ಇದು ತಾನಾಗಿ ಕಣ್ಣಿಗೆ ಬೀಳುತ್ತದೆ. ಆನ್‌ಲೈನ್ ಪಾಠದಲ್ಲಿ ಮೊದಲು ಕಳೆದುಹೋಗುವುದೇ ಇದು. ಮಗುವಿನ ಮುಖ ಕಾಣುತ್ತದೆ, ನೋಟ್‌ಬುಕ್ ಕಾಣುವುದಿಲ್ಲ. ಎಂಟರಿಂದ ಹತ್ತನೇ ತರಗತಿಯ ಮಕ್ಕಳಿಗೆ ಆನ್‌ಲೈನಿನಲ್ಲಿ ಗಣಿತ ಹೇಳಿಕೊಡುತ್ತಿರುವ ನನಗೆ, ಬೋರ್ಡ್ ಯಾವುದಿರಬೇಕು, ಫೀಸು ಎಷ್ಟಿರಬೇಕು, ಮೊದಲ ಮಕ್ಕಳು ಎಲ್ಲಿ ಸಿಗುತ್ತಾರೆ ಎಂಬ ಮೂರೂ ಪ್ರಶ್ನೆಗಳಿಗೆ ಉತ್ತರ ಸಿಕ್ಕಿರುವುದು ಈ ಒಂದೇ ವಿಷಯದಿಂದ. ಬರೆಯುತ್ತಿರುವ ಮಗುವಿನ ಪೆನ್ನು ನಮಗೆ ಕಾಣುತ್ತಿದೆಯೇ?

ಎರಡು ಬೋರ್ಡು

ಹೊಸಬರು ಸಾಮಾನ್ಯವಾಗಿ ಕೇಳುವುದು ತಾವು ಬರೆಯುವ ಬೋರ್ಡಿನ ಬಗ್ಗೆ. ಅದಕ್ಕೆ ಬೇಕಾದಷ್ಟು ದಾರಿಗಳಿವೆ. ತೀರಾ ಸುಲಭದ್ದು, ಖರ್ಚೇ ಇಲ್ಲದ್ದು ಎಂದರೆ ಬಿಳಿ ಹಾಳೆ ಮತ್ತು ಫೋನು. ಲ್ಯಾಪ್‌ಟಾಪಿನಿಂದ ಗೂಗಲ್ ಮೀಟ್ ತರಗತಿ ಶುರು ಮಾಡಿ, ಅದೇ ತರಗತಿಗೆ ಫೋನಿನಿಂದ ಇನ್ನೊಬ್ಬರಂತೆ ಸೇರಿಕೊಳ್ಳಿ. ಫೋನನ್ನು ಹಾಳೆಯ ಮೇಲ್ಗಡೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಹಿಂಬದಿ ಕ್ಯಾಮೆರಾ ಹಾಳೆಯನ್ನು ನೋಡುವಂತೆ ಇಡಿ. ಫೋನಿನ ಮೈಕ್ ಮತ್ತು ಸ್ಪೀಕರ್ ಎರಡನ್ನೂ ಮುಚ್ಚಬೇಕು. ಇಲ್ಲದಿದ್ದರೆ ನಿಮ್ಮ ಮಾತು ಎರಡು ಕಡೆಯಿಂದ ಸುತ್ತಿ ಬಂದು ಕಿರ್ ಎನ್ನುತ್ತದೆ. ಹಾಳೆಯ ಮೇಲೆ ದಪ್ಪ ನೀಲಿ ಅಥವಾ ಕಪ್ಪು ಸ್ಕೆಚ್ ಪೆನ್ನಿನಲ್ಲಿ ಬರೆಯಿರಿ. ಮೊದಲ ತಿಂಗಳಿಗೆ ಇಷ್ಟು ಸಾಕು. ಪಾಠ ಹೇಳುವುದು ನಮಗೆ ಒಗ್ಗುತ್ತದೆಯೋ ಇಲ್ಲವೋ ಎಂದು ತಿಳಿಯುವ ಮೊದಲೇ ಸಾವಿರಾರು ರೂಪಾಯಿ ಸುರಿಯುವುದು ನನಗೆ ಸರಿ ಕಾಣುವುದಿಲ್ಲ.

ಎರಡು ಮೂರು ಮಕ್ಕಳು ನಿಂತ ಮೇಲೆ ಪೆನ್ ಟ್ಯಾಬ್ಲೆಟ್ ಕೊಳ್ಳಬಹುದು. ಪರದೆ ಇಲ್ಲದ, ಸ್ಲೇಟಿನಂಥ ಈ ಫಲಕವನ್ನು ಯುಎಸ್‌ಬಿ ತಂತಿಯಲ್ಲಿ ಲ್ಯಾಪ್‌ಟಾಪಿಗೆ ಸಿಕ್ಕಿಸುತ್ತಾರೆ. ಕೈ ಮೇಜಿನ ಮೇಲೆ, ಅಕ್ಷರ ಎದುರಿನ ಪರದೆಯ ಮೇಲೆ. ಪಾಠಕ್ಕೆ ಸಾಲುವಂಥವು ಎರಡು ಮೂರು ಸಾವಿರ ರೂಪಾಯಿಗೆ ಸಿಗುತ್ತವೆ. ಚಿತ್ರಕಾರರಿಗೆಂದು ಜಾಹೀರಾತಿನಲ್ಲಿ ಹೇಳುವ ಸೂಕ್ಷ್ಮಗಳು ನಮಗೆ ಬೇಕಿಲ್ಲ, ಅಂಗೈ ಊರಲು ಜಾಗವಿರುವಷ್ಟು ಅಗಲ ಇದ್ದರೆ ಸರಿ. ಕೈಯೊಂದು ಕಡೆ ಕಣ್ಣೊಂದು ಕಡೆ ಇರುವುದರಿಂದ ಮೊದಮೊದಲು ಅಕ್ಷರ ಸೊಟ್ಟಗಾಗುತ್ತದೆ. ದಿನಾ ಸ್ವಲ್ಪ ಹೊತ್ತು ಬರೆದರೆ ಒಂದೆರಡು ವಾರದಲ್ಲಿ ಕೂಡಿಬರುತ್ತದೆ. ಎಷ್ಟು ಬರೆದರೂ ವೃತ್ತ ಮೊಟ್ಟೆಯಾಗಿಯೇ ಬರುತ್ತಿದ್ದರೆ ತಪ್ಪು ನಿಮ್ಮ ಕೈಯದಲ್ಲ. ಟ್ಯಾಬ್ಲೆಟ್ಟಿನ ಉದ್ದಗಲದ ಅನುಪಾತ ಪರದೆಯ ಅನುಪಾತಕ್ಕೆ ಹೊಂದಿಲ್ಲ ಎಂದರ್ಥ. ಅದರ ಜೊತೆ ಬರುವ ಸಾಫ್ಟ್‌ವೇರಿನಲ್ಲಿ ಬರೆಯುವ ಜಾಗವನ್ನು ಪರದೆಗೆ ಹೊಂದಿಸುವ ಆಯ್ಕೆ ಇರುತ್ತದೆ, ಒಮ್ಮೆ ಸರಿಪಡಿಸಿದರೆ ಮತ್ತೆ ಮುಟ್ಟಬೇಕಿಲ್ಲ. ಜ್ಯಾಮಿತಿ ಹೇಳುವವರು ಮೊದಲ ದಿನವೇ ಇದನ್ನು ನೋಡಿಕೊಳ್ಳಬೇಕು.

ಬರೆಯುವ ತಂತ್ರಾಂಶಗಳಲ್ಲಿ ನಾನು ಎರಡರ ಬಗ್ಗೆ ಹೇಳುತ್ತೇನೆ. ಓಪನ್‌ಬೋರ್ಡ್ ಎಂಬುದು ಕಂಪ್ಯೂಟರಿಗೆ ಹಾಕಿಕೊಳ್ಳುವ ಉಚಿತ ತಂತ್ರಾಂಶ. ಶಾಲೆಯ ಕರಿಹಲಗೆಯ ಹಾಗೆ ಪುಟಪುಟವಾಗಿ ಸಾಗುತ್ತದೆ. ಕರ್ನಾಟಕ ಪಠ್ಯಪುಸ್ತಕ ಸಂಘ ತನ್ನ ಜಾಲತಾಣದಲ್ಲಿ ಪುಸ್ತಕಗಳ ಪಿಡಿಎಫ್ ಉಚಿತವಾಗಿ ಇಟ್ಟಿದೆ. ಅದನ್ನು ಇಳಿಸಿಕೊಂಡು ಓಪನ್‌ಬೋರ್ಡಿನಲ್ಲಿ ತೆರೆದರೆ ಪಠ್ಯದ ಲೆಕ್ಕದ ಮೇಲೆಯೇ ಬರೆಯಬಹುದು. ಮಗುವಿನ ಕೈಯಲ್ಲಿರುವ ಪುಟವೂ ಅದೇ ಆದ್ದರಿಂದ ‘ಯಾವ ಪೇಜು ಮಿಸ್?’ ಎಂಬ ಪ್ರಶ್ನೆ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಇನ್ನೊಂದು ಎಕ್ಸ್‌ಕ್ಯಾಲಿಡ್ರಾ. ಬ್ರೌಸರಿನಲ್ಲಿ excalidraw.com ಎಂದು ಹೊಡೆದರೆ ಖಾತೆ ಇಲ್ಲದೆಯೇ ಬೋರ್ಡ್ ತೆರೆಯುತ್ತದೆ. ಅದರ ಕೊಂಡಿಯನ್ನು ಮಗುವಿಗೆ ಕಳಿಸಿದರೆ ಇಬ್ಬರೂ ಒಂದೇ ಬೋರ್ಡಿನಲ್ಲಿ ಬರೆಯಬಹುದು. ಆದರೆ ಇದಕ್ಕೆ ಅಂಚಿಲ್ಲ, ಎತ್ತ ಸರಿದರೂ ಬೋರ್ಡ್ ಮುಂದುವರಿಯುತ್ತದೆ. ನೀವು ಬಲಕ್ಕೆ ಸರಿದು ಬರೆಯುತ್ತಿರುವಾಗ ಮಗು ಎಡಗಡೆಯ ಖಾಲಿ ಜಾಗ ನೋಡುತ್ತಾ ಕೂತಿರಬಹುದು. ಮಗು ತನ್ನ ಪರದೆಯಲ್ಲಿ ನಿಮ್ಮ ಹೆಸರಿನ ಗುರುತನ್ನು ಒತ್ತಿದರೆ ನೀವು ಹೋದಲ್ಲಿಗೆ ಅದರ ಪರದೆಯೂ ಬರುತ್ತದೆ. ಈ ಒಂದು ವಿಷಯವನ್ನು ಮೊದಲ ತರಗತಿಯಲ್ಲೇ ಹೇಳಿಕೊಟ್ಟುಬಿಡಿ.

ಯಾವ ಬೋರ್ಡನ್ನೂ ನಂಬಿ ಬರಹವನ್ನು ಅಲ್ಲೇ ಬಿಡಬೇಡಿ. ಎಷ್ಟೋ ಶಿಕ್ಷಕರು ಬಳಸುತ್ತಿದ್ದ ಜ್ಯಾಮ್‌ಬೋರ್ಡನ್ನು ಗೂಗಲ್ 2024ರ ಡಿಸೆಂಬರ್ 31ಕ್ಕೆ ಮುಚ್ಚಿಬಿಟ್ಟಿತು. ಪಾಠ ಮುಗಿದ ಕೂಡಲೇ ಬೋರ್ಡನ್ನು ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಇಳಿಸಿ ಮಗುವಿನ ಹೆಸರಿನ ಫೋಲ್ಡರಿಗೆ ಹಾಕಿಡುವುದು ಒಳ್ಳೆಯದು.

ಬೋರ್ಡ್ ಯಾವುದೇ ಇರಲಿ, ಮಗು ಅದನ್ನು ನೋಡುವುದು ಬಹುಪಾಲು ಅಮ್ಮನ ಫೋನಿನಲ್ಲಿ, ಅಂಗೈಯಗಲದ ಪರದೆಯಲ್ಲಿ. ಲ್ಯಾಪ್‌ಟಾಪಿನಲ್ಲಿ ಅಚ್ಚುಕಟ್ಟಾಗಿ ಕಂಡ ಹದಿನೈದು ಸಾಲು ಅಲ್ಲಿ ಇರುವೆ ಸಾಲಿನಂತೆ ಕಾಣುತ್ತದೆ. ಒಂದು ಪರದೆಗೆ ಆರೇಳು ಸಾಲು, ಒಂದು ಲೆಕ್ಕಕ್ಕೆ ಒಂದು ಪುಟ, ಬಿಳಿಯ ಮೇಲೆ ಕಡು ಬಣ್ಣ. ಹಳದಿ ಮತ್ತು ತಿಳಿ ಹಸಿರಿನಲ್ಲಿ ಬರೆದದ್ದು ಫೋನಿನಲ್ಲಿ ಕಾಣುವುದೇ ಇಲ್ಲ. ಮೊದಲ ತರಗತಿಗೆ ಮುಂಚೆ ಮನೆಯ ಇನ್ನೊಂದು ಫೋನಿನಿಂದ ನಿಮ್ಮದೇ ತರಗತಿಗೆ ಸೇರಿ, ತೋಳುದ್ದ ದೂರ ಹಿಡಿದು ಓದಿ ನೋಡಿ. x²ದ ಮೇಲಿನ 2 ಓದಲು ಬರದಿದ್ದರೆ ಇನ್ನೂ ದಪ್ಪ ಬರೆಯಬೇಕು.

ಇನ್ನು ಎರಡನೆಯ ಬೋರ್ಡು, ನನ್ನ ಮಟ್ಟಿಗೆ ಅದೇ ಮುಖ್ಯವಾದದ್ದು. ಅದು ಮಗುವಿನ ನೋಟ್‌ಬುಕ್ಕು. ಮಗು ಫೋನಿನ ಪರದೆಯ ಮೇಲೆ ಬೆರಳಿನಲ್ಲಿ ಬರೆಯುವುದು ಗುರುತು ಹಾಕಲು, ಗೆರೆ ಎಳೆಯಲು ಆದೀತು. ಐದು ಸಾಲಿನ ಲೆಕ್ಕ ಮಾಡಲು ಆಗುವುದಿಲ್ಲ, ಮಾಡಿಸಲೂಬಾರದು. ಪರೀಕ್ಷೆಯಲ್ಲಿ ಅದು ಬರೆಯುವುದು ಕಾಗದದ ಮೇಲೆ. ತೊಡಕಿರುವುದು ಎಲ್ಲಿ ಎಂದರೆ, ಫೋನಿನ ಕ್ಯಾಮೆರಾ ನೋಟ್‌ಬುಕ್ಕಿನ ಕಡೆ ತಿರುಗಿದರೆ ಪರದೆ ಮಗುವಿನ ಕಣ್ಣಿಗೆ ಸರಿಯಾಗಿ ಸಿಗುವುದಿಲ್ಲ. ಆದ್ದರಿಂದ ನಾನು ತರಗತಿಯನ್ನು ನೋಡುವ ಹೊತ್ತು, ಬರೆಯುವ ಹೊತ್ತು ಎಂದು ಬೇರೆ ಮಾಡುತ್ತೇನೆ. ವಿವರಿಸುವಾಗ ಫೋನು ಮಗುವಿನ ಎದುರಿಗೆ ನಿಂತಿರುತ್ತದೆ. ‘ಈಗ ಬರಿ ಪುಟ್ಟಾ’ ಎಂದ ಕೂಡಲೇ ಮಗು ಹಿಂಬದಿ ಕ್ಯಾಮೆರಾಕ್ಕೆ ಬದಲಿಸಿ, ಫೋನನ್ನು ಪುಸ್ತಕಗಳ ಒಂದಡಿ ಎತ್ತರದ ರಾಶಿಯ ಮೇಲೆ ಮಲಗಿಸುತ್ತದೆ. ಕ್ಯಾಮೆರಾ ಇರುವ ತುದಿ ರಾಶಿಯಿಂದ ಹೊರಗೆ ಚಾಚಿರಬೇಕು, ಇನ್ನೊಂದು ತುದಿಯ ಮೇಲೆ ಒಂದು ಪುಸ್ತಕದ ಭಾರ. ಬರೆಯುವಾಗ ಮಗುವಿಗೆ ಪರದೆ ಬೇಕಿಲ್ಲ, ನನ್ನ ದನಿ ಕೇಳಿದರೆ ಸಾಕು. ನನಗೆ ಬೇಕಾದ ಪೆನ್ನು, ಅಳಿಸುವ ರಬ್ಬರು, ತಡವರಿಸುವ ಬೆರಳು ಎಲ್ಲ ಕಾಣುತ್ತವೆ.

ಇಲ್ಲಿ ಸಣ್ಣ ಸಣ್ಣ ಎಡವಟ್ಟುಗಳಾಗುತ್ತವೆ. ಮಲಗಿಸಿದ ಫೋನಿಗೆ ತಾನು ಅಡ್ಡವೋ ಉದ್ದವೋ ತಿಳಿಯದೆ ಚಿತ್ರ ತಿರುಗಿಕೊಳ್ಳುತ್ತದೆ. ಆಗ ಒಮ್ಮೆ ನೇರವಾಗಿ ಎತ್ತಿ ಹಿಡಿದು, ಚಿತ್ರ ಸರಿಯಾದ ಮೇಲೆ ಮೆಲ್ಲಗೆ ಮಲಗಿಸಬೇಕು. ದೀಪ ತಲೆಯ ಮೇಲಿದ್ದರೆ ಫೋನಿನ ನೆರಳು ಹಾಳೆಯ ಮೇಲೆ ಬೀಳುತ್ತದೆ. ಬರೆಯದ ಕೈಯ ಕಡೆಗೆ, ಪಕ್ಕದಿಂದ ಬೆಳಕು ಬರುವಂತೆ ಕೂರಿಸಿ. ರಾತ್ರಿಯ ಹೊತ್ತಿಗೆ ಮನೆಯ ಫೋನಿನ ಅಂದಿನ ಡೇಟಾ ತೀರಿ ಚಿತ್ರ ಮಂಕಾಗಿ ನಿಲ್ಲುವುದೂ ಉಂಟು, ಅಂಥ ಮನೆಯವರಿಗೆ ಬೆಳಗಿನ ಹೊತ್ತೇ ಒಳ್ಳೆಯದು. ಕರೆಂಟು ಹೋಗಿ ತರಗತಿ ಕಡಿದರೆ ಏನು ಮಾಡಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳಿ. ನಮ್ಮಲ್ಲಿ ಕೈಯಲ್ಲಿರುವ ಲೆಕ್ಕವನ್ನು ಮಗು ಮುಗಿಸುತ್ತಿರುತ್ತದೆ, ನಾನು ಮನೆಯವರ ನಂಬರಿಗೆ ಕರೆ ಮಾಡುತ್ತೇನೆ.

ಫೀಸಿನ ಲೆಕ್ಕ

ಪೆನ್ನು ಕಾಣಬೇಕು ಎಂದು ಪಟ್ಟು ಹಿಡಿದರೆ ಒಂದು ತರಗತಿಯಲ್ಲಿ ಎಷ್ಟು ಮಕ್ಕಳು ಎನ್ನುವುದು ತಾನಾಗಿ ತೀರ್ಮಾನವಾಗುತ್ತದೆ. ಲ್ಯಾಪ್‌ಟಾಪಿನ ಪರದೆಯಲ್ಲಿ ನಾಲ್ಕು ನೋಟ್‌ಬುಕ್ಕುಗಳು ಎರಡರ ಮೇಲೆರಡರಂತೆ ಚೌಕವಾಗಿ ಕಾಣುವಾಗ ಪ್ರತಿಯೊಂದರ ಅಕ್ಷರ ಓದಬಹುದು. ಎಂಟಾದರೆ ಬರೆಯುತ್ತಿದ್ದಾರೆ ಎಂದಷ್ಟೇ ಗೊತ್ತಾಗುತ್ತದೆ, ಏನು ಎಂದು ಗೊತ್ತಾಗುವುದಿಲ್ಲ. ಹಾಗಾಗಿ ನನ್ನ ಮಿತಿ ನಾಲ್ಕು. ಫೀಸನ್ನು ಅಲ್ಲಿಂದ ಲೆಕ್ಕ ಹಾಕಬೇಕು.

ಮೊದಲು ಒಂದು ತರಗತಿಗೆ ನಿಜವಾಗಿ ಎಷ್ಟು ಹೊತ್ತು ಹೋಗುತ್ತದೆ ಎಂದು ಬರೆದುಕೊಳ್ಳಿ. ಪಾಠ ಒಂದು ಗಂಟೆ. ಅದಕ್ಕೆ ಮುಂಚೆ ಲೆಕ್ಕ ಆರಿಸಿಕೊಳ್ಳಲು ಇಪ್ಪತ್ತು ನಿಮಿಷ. ಆಮೇಲೆ ಒಂದು ಮಗುವಿನ ಮನೆಲೆಕ್ಕ ತಿದ್ದಿ ಪೋಷಕರಿಗೆ ಎರಡು ಸಾಲು ಬರೆಯಲು ಹತ್ತು ನಿಮಿಷ. ಒಬ್ಬಳೇ ಹುಡುಗಿಯಾದರೆ ಒಟ್ಟು ಒಂದೂವರೆ ಗಂಟೆ. ವಾರಕ್ಕೆ ಮೂರರಂತೆ ತಿಂಗಳಿಗೆ 12 ತರಗತಿ, ಅಂದರೆ 18 ಗಂಟೆ. ನಿಮ್ಮ ಒಂದು ಗಂಟೆಗೆ 200 ರೂಪಾಯಿ ಬರಬೇಕು ಎಂದುಕೊಂಡರೆ ಅವಳ ಫೀಸು ತಿಂಗಳಿಗೆ 3,600 ರೂಪಾಯಿ, ತರಗತಿಗೆ 300. ‘ಗಂಟೆಗೆ ಮುನ್ನೂರು ತೆಗೆದುಕೊಳ್ಳುತ್ತೇನೆ’ ಎಂದು ಹೇಳಿಕೊಳ್ಳುವವರ ಕೈಗೆ ನಿಜಕ್ಕೂ ಬರುತ್ತಿರುವುದು ಇನ್ನೂರು ಎಂಬುದು ಈ ಲೆಕ್ಕ ಬರೆದಾಗಲೇ ಕಾಣುವುದು.

ಅದೇ ತರಗತಿಗೆ ನಾಲ್ಕು ಮಕ್ಕಳು ಬಂದರು ಎನ್ನಿ. ಪಾಠ ಒಂದು ಗಂಟೆ, ತಯಾರಿ ಇಪ್ಪತ್ತು ನಿಮಿಷ, ತಿದ್ದುವುದು ನಾಲ್ಕು ಹತ್ತಲೆ ನಲವತ್ತು ನಿಮಿಷ. ಒಟ್ಟು ಎರಡು ಗಂಟೆ, ತಿಂಗಳಿಗೆ 24 ಗಂಟೆ. ಗಂಟೆಗೆ ಅದೇ 200 ಬರಬೇಕಾದರೆ 4,800 ರೂಪಾಯಿ, ಅಂದರೆ ಒಂದು ಮಗುವಿಗೆ 1,200. ಪೋಷಕರು ಕೊಡುವುದು ಮೂರನೇ ಒಂದು ಭಾಗಕ್ಕೆ ಇಳಿಯಿತು, ನಿಮ್ಮ ಗಂಟೆಯ ಸಂಪಾದನೆ ಕಡಿಮೆಯಾಗಲಿಲ್ಲ. ಇನ್ನೂರು ಎನ್ನುವುದು ನಾನು ಲೆಕ್ಕಕ್ಕೆ ಹಿಡಿದ ಮೊತ್ತ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಮಗುವಿಗೂ ಅರಸೀಕೆರೆಯ ಮಗುವಿಗೂ ಅದು ಒಂದೇ ಆಗಿರಬೇಕಿಲ್ಲ. ನಿಮ್ಮ ಮಕ್ಕಳು ಇರುವ ಊರಿನಲ್ಲಿ ಮನೆಪಾಠಕ್ಕೆ ಎಷ್ಟಿದೆ ಎಂದು ನಾಲ್ಕು ಮನೆಯಲ್ಲಿ ವಿಚಾರಿಸಿ ಆ ಜಾಗಕ್ಕೆ ನಿಮ್ಮ ಮೊತ್ತ ಹಾಕಿಕೊಳ್ಳಿ, ಉಳಿದ ಲೆಕ್ಕ ಹಾಗೆಯೇ ನಡೆಯುತ್ತದೆ.

ಇದೇ ದರದಲ್ಲಿ ಎಂಟು ಮಕ್ಕಳನ್ನು ಸೇರಿಸಿದರೆ ತಿಂಗಳಿಗೆ 9,600 ಬರುತ್ತದೆ. ತಿದ್ದುವ ಹೊತ್ತೆಲ್ಲ ಸೇರಿ 32 ಗಂಟೆ, ಗಂಟೆಗೆ 300. ಆಸೆ ಹುಟ್ಟುವುದು ಸಹಜ. ಆದರೆ ಎಂಟು ನೋಟ್‌ಬುಕ್ ನೋಡಲಾಗದೆ ಮೊದಲು ತಿದ್ದುವುದು ನಿಲ್ಲುತ್ತದೆ, ಆಮೇಲೆ ಬರೆಸುವುದು ನಿಲ್ಲುತ್ತದೆ, ಕೊನೆಗೆ ಉಳಿಯುವುದು ಮೇಷ್ಟ್ರು ಮಾತಾಡುವುದು ಮಾತ್ರ. ಮಾತು ಕೇಳುವ ಪಾಠ ಯೂಟ್ಯೂಬಿನಲ್ಲಿ ಪುಕ್ಕಟೆ ಸಿಗುತ್ತದೆ. ಪೋಷಕರಿಗೆ ಅದು ಹೊಳೆಯಲು ಒಂದು ಕಿರುಪರೀಕ್ಷೆ ಸಾಕು.

ಫೀಸು ಹೇಳಿದಾಗ ಬರುವ ಮಾತು ಬಹುತೇಕ ಒಂದೇ. ‘ಮೇಡಂ, ನಮ್ ಬೀದೀಲಿ ತಿಂಗಳಿಗೆ ಎಂಟ್ನೂರು ತಗೊಂಡು ಎಲ್ಲಾ ಸಬ್ಜೆಕ್ಟೂ ಹೇಳ್ಕೊಡ್ತಾರೆ.’ ಇದಕ್ಕೆ ವಾದ ಮಾಡಬಾರದು. ‘ಹೌದಮ್ಮಾ, ಅಲ್ಲಿ ಚೆನ್ನಾಗಿ ನಡೀತಿದ್ರೆ ಅಲ್ಲೇ ಕಳ್ಸಿ. ನಾನು ಗಣಿತ ಒಂದೇ ಹೇಳೋದು. ನಾಲ್ಕೇ ಮಕ್ಕಳು ಇರ್ತಾರೆ, ಪ್ರತಿಯೊಬ್ಬರೂ ಬರೆಯೋದನ್ನ ನೋಡ್ತೀನಿ’ ಎಂದು ಹೇಳಿ ಸುಮ್ಮನಾಗಬೇಕು. ಅಲ್ಲೇ ಮುನ್ನೂರು ಇಳಿಸಿದರೆ ಉಳಿದ ಮೂರು ಮನೆಗೂ ಆ ಸುದ್ದಿ ಮುಟ್ಟುತ್ತದೆ. ನಿಜವಾಗಿ ಕಷ್ಟದಲ್ಲಿರುವ ಮನೆಯ ಮಗುವಿಗೆ ನಾನು ಫೀಸನ್ನೇ ತೆಗೆದುಕೊಳ್ಳದೆ ನಾಲ್ಕರಲ್ಲಿ ಒಂದು ಜಾಗ ಕೊಡುತ್ತೇನೆ, ಎಲ್ಲರಿಗೂ ಅಷ್ಟಿಷ್ಟು ಇಳಿಸುವುದಕ್ಕಿಂತ ಅದು ನೆಟ್ಟಗಿನ ದಾರಿ.

ಫೀಸನ್ನು ತಿಂಗಳಿಗೆಂದು ಹೇಳುವ ಬದಲು 12 ತರಗತಿಗೆಂದು ಹೇಳುವುದು ವಾಸಿ. ದಸರಾ ರಜೆ, ಊರ ಜಾತ್ರೆ, ಜ್ವರ ಎಂದು ನಡುವೆ ತಪ್ಪಿದರೆ ಆ ತರಗತಿಗಳು ಮುಂದಕ್ಕೆ ಹೋಗುತ್ತವೆ, ಯಾರಿಗೂ ನಷ್ಟವಿಲ್ಲ. ಹನ್ನೆರಡು ಶುರುವಾಗುವ ಮೊದಲು ದುಡ್ಡು ಬರಬೇಕು. ಬರುವುದಿಲ್ಲ ಎಂದು ಬೆಳಿಗ್ಗೆಯೇ ತಿಳಿಸಿದರೆ ಬೇರೆ ದಿನ ತರಗತಿ ಸಿಗುತ್ತದೆ, ಹೇಳದೆ ತಪ್ಪಿಸಿಕೊಂಡರೆ ಅದು ಲೆಕ್ಕಕ್ಕೆ ಹೋಗುತ್ತದೆ. ಇಷ್ಟನ್ನು ನಾಲ್ಕು ಸಾಲಿನಲ್ಲಿ ಬರೆದು ಮೊದಲೇ ವಾಟ್ಸ್‌ಆ್ಯಪಿನಲ್ಲಿ ಕಳಿಸಿಬಿಟ್ಟರೆ ಆಮೇಲೆ ಮುಜುಗರದ ಮಾತು ಬರುವುದಿಲ್ಲ. ಇಡೀ ವರ್ಷದ ಫೀಸನ್ನು ಮುಂಗಡವಾಗಿ ಕೇಳುವುದು ನನಗೆ ಒಪ್ಪಿಗೆಯಿಲ್ಲ. ಮಗುವಿಗೆ ಹಿಡಿಸದಿದ್ದರೆ ಬಿಡುವ ಸ್ವಾತಂತ್ರ್ಯ ಆ ಮನೆಗೆ ಇರಬೇಕು.

ಇಲ್ಲಿ ಕಾನೂನಿನ ಮಾತೊಂದಿದೆ. ಶಿಕ್ಷಣ ಹಕ್ಕು ಕಾಯ್ದೆ, 2009ರ 28ನೇ ಕಲಮಿನ ಪ್ರಕಾರ ಶಾಲಾ ಶಿಕ್ಷಕರು ಖಾಸಗಿ ಟ್ಯೂಷನ್ ನಡೆಸುವಂತಿಲ್ಲ. ಆನ್‌ಲೈನ್ ಎಂದ ಮಾತ್ರಕ್ಕೆ ಅದು ಬೇರೆಯಾಗುವುದಿಲ್ಲ. ನಾನು ಬರೆಯುತ್ತಿರುವುದು ಕೆಲಸ ಬಿಟ್ಟು ಮನೆಯಲ್ಲಿರುವವರಿಗೆ, ನಿವೃತ್ತರಿಗೆ, ಬಿ.ಎಡ್. ಮುಗಿಸಿ ಕಾಯುತ್ತಿರುವವರಿಗೆ, ಓದಿನ ಜೊತೆ ಸಂಪಾದಿಸಬೇಕಾದ ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ.

ಮೊದಲ ಮಗು

ಕರಪತ್ರ ಹಂಚಿ, ಫೇಸ್‌ಬುಕ್ಕಿನಲ್ಲಿ ಪೋಸ್ಟರ್ ಹಾಕಿ ಮೊದಲ ಮಗು ಬಂದದ್ದನ್ನು ನಾನು ಕಂಡಿಲ್ಲ. ಮೊದಲ ಮಗು ಬರುವುದು ನಿಮ್ಮನ್ನು ಮೊದಲೇ ಬಲ್ಲ ಯಾರಾದರೂ ಒಬ್ಬರಿಂದ. ಚಿಕ್ಕಮ್ಮನ ಎದುರುಮನೆಯವರು, ಹಳೆಯ ಸಹಪಾಠಿಯ ಅಣ್ಣನ ಮಗ, ಹಿಂದೆ ಬಾಡಿಗೆಗಿದ್ದ ಮನೆಯ ಓನರ್ ಆಂಟಿ. ಆನ್‌ಲೈನ್ ಆದ್ದರಿಂದ ಅವರು ಶಿರಸಿಯಲ್ಲಿದ್ದರೂ ಆಯಿತು, ದುಬೈಯಲ್ಲಿದ್ದರೂ ಆಯಿತು. ದುಬೈಯ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ, ನಮ್ಮ ಸಂಜೆ ಏಳೂವರೆ ಅಲ್ಲಿಯ ಆರು ಗಂಟೆ. ಹಾಗಾಗಿ ಅಲ್ಲಿಯ ಸಿಬಿಎಸ್‌ಇ ಶಾಲೆಗಳ ಕನ್ನಡದ ಮಕ್ಕಳಿಗೆ ಸಂಜೆಯ ತರಗತಿ ಸುಲಭವಾಗಿ ಹೊಂದುತ್ತದೆ. ಅಮೆರಿಕದ ಮಗುವಾದರೆ ಅವರ ಸಂಜೆ ನಮ್ಮ ಬೆಳಗಿನ ಜಾವವಾಗುತ್ತದೆ, ಪಠ್ಯವೂ ಬೇರೆ. ಮೊದಲಿಗೇ ಅದಕ್ಕೆ ಕೈಹಾಕುವುದು ಬೇಡ.

ಅಂಥವರಿಗೆ ಕಳಿಸುವ ಸಂದೇಶ ಚಿಕ್ಕದಾಗಿ, ಖಚಿತವಾಗಿ ಇರಲಿ. ‘ಎಲ್ಲ ವಿಷಯ, ಎಲ್ಲ ತರಗತಿ, ಉತ್ತಮ ಬೋಧನೆ’ ಎಂದು ಬರೆದರೆ ಯಾರಿಗೂ ಯಾವ ಮಗುವೂ ನೆನಪಾಗುವುದಿಲ್ಲ. ‘ಒಂಬತ್ತು, ಹತ್ತನೇ ಕ್ಲಾಸಿನ ಸ್ಟೇಟ್ ಸಿಲಬಸ್ ಗಣಿತ, ಕನ್ನಡ ಮಾಧ್ಯಮದವರಿಗೂ ಹೇಳಿಕೊಡುತ್ತೇನೆ, ನಾಲ್ಕೇ ಮಕ್ಕಳು, ಸಂಜೆ ಏಳಕ್ಕೆ’ ಎಂದರೆ ಓದಿದವರಿಗೆ ಪಕ್ಕದ ಮನೆಯ ಹುಡುಗನ ಮುಖ ಕಣ್ಣ ಮುಂದೆ ಬರುತ್ತದೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಅವರ ಪುಸ್ತಕದ ಪದಗಳಲ್ಲೇ, ಅಪವರ್ತನ, ಸಮರೂಪ ತ್ರಿಭುಜ ಎಂದು ಹೇಳಬಲ್ಲವರು ಆನ್‌ಲೈನಿನಲ್ಲಿ ವಿರಳ. ನಿಮಗೆ ಅದು ಬರುವುದಾದರೆ ಮೊದಲ ಸಾಲಿನಲ್ಲೇ ಬರೆಯಿರಿ.

ಸಮಯವೂ ನೋಡಬೇಕು. ಜೂನ್ ತಿಂಗಳಲ್ಲಿ ಎಲ್ಲರಿಗೂ ಈ ವರ್ಷ ತಾನೇ ಓದಿಕೊಳ್ಳುತ್ತಾನೆ ಎಂಬ ನಂಬಿಕೆ ಇರುತ್ತದೆ. ಪೋಷಕರು ಹುಡುಕಾಡಲು ಶುರು ಮಾಡುವುದು ಮೊದಲ ಕಿರುಪರೀಕ್ಷೆಯ ಅಂಕ ಬಂದಾಗ, ಮತ್ತೆ ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆ ಮನೆಗೆ ಬಂದಾಗ. ಆ ವಾರ ಕಳಿಸಿದ ಸಂದೇಶಕ್ಕೆ ಉತ್ತರ ಬರುತ್ತದೆ. ಜನವರಿಯಲ್ಲಿ ಬಂದು ಮಾರ್ಚಿಗೆ ನೂರಕ್ಕೆ ತೊಂಬತ್ತು ಬೇಕು ಎನ್ನುವವರಿಗೆ ಮಾತು ಕೊಡಬೇಡಿ. ಆಗ ಪಾಸಾಗುವಷ್ಟು ದಡ ಸೇರಿಸಬಹುದು, ಅದನ್ನೇ ಬಿಚ್ಚಿ ಹೇಳಿ.

ಯಾರಾದರೂ ಒಬ್ಬರು ಕೇಳಿದರೆ ಒಂದು ಡೆಮೊ ತರಗತಿ ಉಚಿತವಾಗಿ ಕೊಡಬೇಕಾಗುತ್ತದೆ. ಅನೇಕರು ಆ ಅರ್ಧ ಗಂಟೆಯಲ್ಲಿ ತಾವು ಎಷ್ಟು ಚೆನ್ನಾಗಿ ಪಾಠ ಮಾಡುತ್ತೇವೆ ಎಂದು ತೋರಿಸಲು ಹೋಗುತ್ತಾರೆ. ಮಗು ತಲೆಯಾಡಿಸುತ್ತದೆ, ತಾಯಿ ‘ಹೇಳ್ತೀವಿ ಮೇಡಂ’ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಆ ಅರ್ಧ ಗಂಟೆಯಲ್ಲಿ ಬರೆಯಬೇಕಾದದ್ದು ಮಗು. ಹತ್ತನೇ ಕ್ಲಾಸಿನ ಮಗುವಿಗೆ ನಾನು ನಾಲ್ಕು ಲೆಕ್ಕ ಕೊಡುತ್ತೇನೆ, ಕೆಳಗಿನಿಂದ ಮೇಲಕ್ಕೆ.

7 − (3 − 5)
−3(x − 1) ಬಿಡಿಸಿ
x² − 5x + 6 ಅಪವರ್ತಿಸಿ
2x² − 5x + 3 = 0 ಬಿಡಿಸಿ

ಮೊದಲನೆಯದು ಹೈಸ್ಕೂಲಿಗೆ ಬರುವ ಮೊದಲೇ ಕಲಿತಿರಬೇಕಾದದ್ದು. ಉತ್ತರ 9. ಅದನ್ನು 5 ಎಂದೋ −1 ಎಂದೋ ಬರೆದರೆ ಆವರಣದ ಮುಂದಿನ ಮೈನಸ್ ಮಗುವಿಗೆ ಇನ್ನೂ ಕೈಗೆ ಬಂದಿಲ್ಲ. ಎರಡನೆಯದಕ್ಕೆ −3x − 3 ಎಂದು ಬರೆಯುವ ಮಕ್ಕಳು ತುಂಬಾ ಮಂದಿ. ಮೈನಸ್ ಮೊದಲ ಪದಕ್ಕೆ ಮುಟ್ಟಿತು, ಎರಡನೆಯದಕ್ಕೆ ಮುಟ್ಟಲಿಲ್ಲ. ಇಂಥ ಮಗು ನಾಲ್ಕನೇ ಲೆಕ್ಕಕ್ಕೆ ಬಂದಾಗ ಮೇಲೆ ಹೇಳಿದ ಹುಡುಗಿಯ ಹಾಗೆಯೇ −3(x + 1) ಎಂದು ಬರೆದು ನಿಲ್ಲುತ್ತದೆ. ಶಾಲೆಯಲ್ಲಿ, ಮನೆಯಲ್ಲಿ ಎಲ್ಲರೂ ಅದಕ್ಕೆ ವರ್ಗ ಸಮೀಕರಣ ಬರುವುದಿಲ್ಲ ಎಂದು ಹೇಳುತ್ತಿರುತ್ತಾರೆ. ಮೂರನೇ ಲೆಕ್ಕವನ್ನು ಅದು ಸರಿಯಾಗಿ ಮಾಡಿದ್ದರೆ ಅಪವರ್ತನ ಅದಕ್ಕೆ ಬರುತ್ತದೆ. ಬಾರದಿರುವುದು ಎರಡನೇ ಲೆಕ್ಕ ಮಾತ್ರ.

ಆಮೇಲೆ ಆ ಒಂದನ್ನೇ ಹತ್ತು ನಿಮಿಷ ಹೇಳಿಕೊಡಿ. −3 ಅನ್ನು ಒಳಗಿನ ಎರಡೂ ಪದಗಳಿಗೆ ಗುಣಿಸುವುದು, ಹೊರಗೆ ತೆಗೆದ ಮೇಲೆ ಮತ್ತೆ ಒಳಗೆ ಗುಣಿಸಿ ಹಿಂದಿನ ಸಾಲು ಬಂತೇ ಎಂದು ನೋಡುವುದು. ಅಂಥದೇ ಇನ್ನೆರಡು ಲೆಕ್ಕ ಮಗುವೇ ಮಾಡಲಿ. ಪಾಠ ಮುಗಿದ ಮೇಲೆ ತಾಯಿಗೆ ಬರೆಯುವುದು ಇಷ್ಟೇ: ‘ನಮಸ್ಕಾರ ಅಮ್ಮ. ಮಗಳಿಗೆ ಅಪವರ್ತನ ಗೊತ್ತಿದೆ. ಆವರಣದ ಮುಂದೆ ಮೈನಸ್ ಬಂದಾಗ ಒಳಗಿನ ಎರಡನೇ ಪದದ ಚಿಹ್ನೆ ತಪ್ಪುತ್ತಿದೆ. ಇವತ್ತು ಎರಡು ಲೆಕ್ಕ ಸರಿಯಾಗಿ ಮಾಡಿದಳು, ಇನ್ನೂ ರೂಢಿಯಾಗಬೇಕು. ನಾಳೆ ಇದೇ ಥರದ ಐದು ಲೆಕ್ಕ ಮಾಡಿಸಿ, ಕಳಿಸಿದ್ದೇನೆ.’ ಕೂಡಲೇ ಹನ್ನೆರಡು ತರಗತಿಗೆ ಸೇರಿ ಎನ್ನಬೇಡಿ. ನಾಲ್ಕು ತರಗತಿ ಫೀಸು ಕೊಟ್ಟು ನೋಡಲಿ, ಆಮೇಲೆ ಬೇಕಾದರೆ ಮುಂದುವರಿಯಲಿ.

ತನ್ನ ಮಗುವಿನ ತೊಂದರೆ ಇಷ್ಟು ಸ್ಪಷ್ಟವಾಗಿ ಕಂಡ ತಾಯಿ ಅದನ್ನು ಇನ್ನೊಬ್ಬರಿಗೆ ಹೇಳದೆ ಇರುವುದಿಲ್ಲ. ಎರಡನೇ ಮಗು ಬರುವುದು ಆ ಸಂದೇಶದಿಂದ, ಬಹಳ ಸಲ ಅದೇ ಶಾಲೆಯಿಂದ, ಅದೇ ಕ್ಲಾಸಿನಿಂದ. ನಾಲ್ವರ ಗುಂಪು ಕಟ್ಟಲು ಅದು ಅನುಕೂಲವೇ, ಇಬ್ಬರಿಗೂ ಪಠ್ಯದ ಅದೇ ಅಧ್ಯಾಯ ನಡೆಯುತ್ತಿರುತ್ತದೆ. ಆದರೆ ಒಂದು ಮಗುವಿನ ತಪ್ಪನ್ನು ಇನ್ನೊಬ್ಬರ ತಾಯಿಯ ಹತ್ತಿರ ಉದಾಹರಣೆಯಾಗಿ ಹೇಳಲೇಬಾರದು, ಆ ಮಗುವಿನ ನೋಟ್‌ಬುಕ್ಕಿನ ಫೋಟೊವನ್ನು ಜಾಹೀರಾತಿಗೆ ಹಾಕಲೂಬಾರದು. ತರಗತಿಯ ಕೊಂಡಿ ಯಾವಾಗಲೂ ಪೋಷಕರ ನಂಬರಿಗೆ ಹೋಗಲಿ, ಮಗುವಿನ ಜೊತೆ ಬೇರೆ ಚಾಟ್ ಬೇಡ, ಮನೆಯವರು ಓಡಾಡುವ ಜಾಗದಲ್ಲಿ ಮಗು ಕೂರಲಿ. ರೆಕಾರ್ಡ್ ಮಾಡಬೇಕಿದ್ದರೆ ಮೊದಲು ಕೇಳಿ.

ಶಿಕ್ಷಕರನ್ನು ಹುಡುಕಿಕೊಡುವ ಜಾಲತಾಣಗಳಲ್ಲಿ ಹೆಸರು ಹಾಕುವವರು ಇನ್ನೊಂದು ವಿಷಯ ತಿಳಿದಿರಬೇಕು. ಕೆಲವು ತಾಣಗಳು ಪೋಷಕರ ನಂಬರ್ ನೋಡುವುದಕ್ಕೇ ದುಡ್ಡು ಕೇಳುತ್ತವೆ, ಅದೇ ನಂಬರು ಇನ್ನೂ ಅನೇಕ ಶಿಕ್ಷಕರಿಗೆ ಹೋಗಿರುತ್ತದೆ. ಅದಕ್ಕಿಂತ ಕೆಟ್ಟದ್ದು ಮೋಸದ ಕರೆ. ಸೇನೆಯ ಅಧಿಕಾರಿ ಎಂದು ಹೇಳಿಕೊಂಡು ಒಬ್ಬರು ಮಾತಾಡುತ್ತಾರೆ. ಮಗುವಿನ ಓದಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದೆ, ಫೀಸಿಗೆ ಚೌಕಾಸಿ ಮಾಡದೆ, ಮೂರು ತಿಂಗಳ ಮುಂಗಡ ಈಗಲೇ ಹಾಕುತ್ತೇನೆ ಎನ್ನುತ್ತಾರೆ. ನಂತರ ಒಂದು ಕ್ಯೂಆರ್ ಕೋಡ್ ಬರುತ್ತದೆ, ದುಡ್ಡು ಬರಬೇಕಾದರೆ ಅದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎನ್ನುತ್ತಾರೆ. ಯುಪಿಐನಲ್ಲಿ ದುಡ್ಡು ಪಡೆಯಲು ಪಿನ್ ಬೇಕಾಗುವುದೇ ಇಲ್ಲ. ಪಿನ್ ಒತ್ತಿದರೆ ದುಡ್ಡು ನಿಮ್ಮ ಖಾತೆಯಿಂದ ಹೋಗುತ್ತದೆ. ಯಾರೇ ಕರೆ ಮಾಡಲಿ, ಮೊದಲು ಮಗುವಿನ ಜೊತೆ ಮಾತಾಡಿಸಿ, ಯಾವ ಅಧ್ಯಾಯ ನಡೆಯುತ್ತಿದೆ ಎಂದು ಕೇಳಿ, ಡೆಮೊಗೆ ಒಂದು ದಿನ ಗೊತ್ತುಮಾಡಿ. ಮಗು ಪೆನ್ನು ಹಿಡಿದು ಕೂರುವವರೆಗೆ ದುಡ್ಡಿನ ಮಾತು ಬೇಡ.